ಇಂಟರ್ನ್‌ಶಿಪ್‌ಗೆ ಕಾಲೇಜಿನ ಎನ್‌ಒಸಿ: ಅರ್ಜಿಯಿಂದ ಜಾಯಿನಿಂಗ್ ರಿಪೋರ್ಟ್‌ವರೆಗೆ

ಇಂಜಿನಿಯರಿಂಗ್ ಕೊನೆಯ ವರ್ಷದವರು ಡಿಸೆಂಬರ್ ಹತ್ತಿರ ಬಂದ ಹಾಗೆ ಕೇಳುವುದು ಇದನ್ನೇ: "ಕಂಪನಿಯವರು ಕಾಲೇಜಿನ ಎನ್‌ಒಸಿ ತನ್ನಿ ಅಂತಾರೆ. ಕಾಲೇಜಿನವರು ಮೊದಲು ಆಫರ್ ಲೆಟರ್ ತೋರಿಸಿ ಅಂತಾರೆ. ಈಗ ಏನು ಮಾಡಲಿ?" ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ಎನ್‌ಒಸಿ ಸಿಕ್ಕಿದ ಮೇಲೂ ಎಚ್‌ಆರ್ ಅದನ್ನು ವಾಪಸ್ ಕಳಿಸಿದರು, ಯಾಕೆ?

ಎರಡಕ್ಕೂ ಉತ್ತರ ಇಲ್ಲಿದೆ. ಉದಾಹರಣೆಗೆ ವಿಟಿಯು ಕೆಳಗಿನ ಕಾಲೇಜೊಂದನ್ನು, 2022ರ ಸ್ಕೀಮಿನ 8ನೇ ಸೆಮಿಸ್ಟರನ್ನು ತೆಗೆದುಕೊಂಡಿದ್ದೇನೆ. ನಿಮ್ಮದು ಅಟಾನಮಸ್ ಕಾಲೇಜೋ ಬೇರೆ ವಿಶ್ವವಿದ್ಯಾಲಯವೋ ಆಗಿದ್ದರೆ ವಾರಗಳ ಲೆಕ್ಕ ಬದಲಾಗಬಹುದು. ಆಫೀಸಿನೊಳಗೆ ಕಾಗದ ಓಡಾಡುವ ದಾರಿ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಇದೇ.

ಮೊದಲು ಕಾಗದಗಳ ಹೆಸರು

ಕೌಂಟರಿನಲ್ಲಿ ಅರ್ಧ ಗೊಂದಲ ಹೆಸರಿನಿಂದಲೇ ಹುಟ್ಟುತ್ತದೆ. ಎನ್‌ಒಸಿ ಅಂದರೆ ನಿರಾಕ್ಷೇಪಣಾ ಪತ್ರ. ಈ ವಿದ್ಯಾರ್ಥಿ ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕಂಪನಿಯಲ್ಲಿ ಇಂಟರ್ನ್ ಆಗಿ ಕೆಲಸ ಮಾಡಲು ನಮ್ಮ ಅಡ್ಡಿ ಇಲ್ಲ ಎಂದು ಕಾಲೇಜು ಕಂಪನಿಗೆ ಬರೆದುಕೊಡುವ ಪತ್ರ. ಬೋನಾಫೈಡ್ ಬೇರೆ. ಅದು ನೀವು ಈ ಕಾಲೇಜಿನ ವಿದ್ಯಾರ್ಥಿ ಎಂದು ಮಾತ್ರ ಹೇಳುತ್ತದೆ, ಎಲ್ಲಿಗೂ ಹೋಗಲು ಅನುಮತಿ ಕೊಡುವುದಿಲ್ಲ. ಕೋರಿಕೆ ಪತ್ರ ಇನ್ನೂ ಬೇರೆ. ನಮ್ಮ ವಿದ್ಯಾರ್ಥಿಗೆ ಇಂಟರ್ನ್‌ಶಿಪ್‌ಗೆ ಅವಕಾಶ ಕೊಡಿ ಎಂದು ಕಾಲೇಜೇ ಕಂಪನಿಯನ್ನು ಕೇಳುವುದು, ಆಫರ್ ಸಿಗುವುದಕ್ಕೆ ಮುಂಚೆ. ಮುಚ್ಚಳಿಕೆ ಅಂದರೆ ನಿಯಮ ಪಾಲಿಸುತ್ತೇನೆ ಎಂದು ನೀವೂ ನಿಮ್ಮ ಪೋಷಕರೂ ಸಹಿ ಹಾಕಿ ಕೊಡುವ ಕಾಗದ. ಆಫೀಸಿನಲ್ಲಿ ಇದನ್ನು ಅಂಡರ್‌ಟೇಕಿಂಗ್ ಅಂತಲೇ ಕರೆಯುತ್ತಾರೆ.

"ಸಾರ್, ಇಂಟರ್ನ್‌ಶಿಪ್ ಲೆಟರ್ ಬೇಕಿತ್ತು" ಅಂದರೆ ಗುಮಾಸ್ತರು ಕೈಗೆ ಸಿಕ್ಕಿದ ಬೋನಾಫೈಡ್ ಫಾರ್ಮ್ಯಾಟನ್ನೇ ಪ್ರಿಂಟ್ ಹಾಕಿ ಕೊಟ್ಟಾರು. ಬೇಕಾದ್ದರ ಹೆಸರು ಹೇಳಿ ಕೇಳಿ.

1. ಕಂಪನಿಯಿಂದ ಏನಾದರೂ ಒಂದು ಬರಹ ತರಿಸಿ

ಮೊದಲಿನ ಹಗ್ಗಜಗ್ಗಾಟ ಬಿಡಿಸುವುದು ಕಷ್ಟವಲ್ಲ. ಕಾಲೇಜಿಗೆ ಬೇಕಿರುವುದು ಅಂತಿಮ ಆಫರ್ ಲೆಟರೇ ಆಗಬೇಕೆಂದಿಲ್ಲ. ಕಂಪನಿಯ ಅಧಿಕೃತ ಮೇಲ್ ವಿಳಾಸದಿಂದ ಬಂದ ಒಂದು ಸಂದೇಶ ಬಹಳಷ್ಟು ಕಡೆ ಸಾಕಾಗುತ್ತದೆ. ಅದರಲ್ಲಿ "ನಿಮ್ಮನ್ನು ಆಯ್ಕೆ ಮಾಡಿದ್ದೇವೆ, ಕಾಲೇಜಿನ ಎನ್‌ಒಸಿ ಬಂದ ಮೇಲೆ ಆಫರ್ ಲೆಟರ್ ಕೊಡುತ್ತೇವೆ" ಎಂದಿರಬೇಕು. ಎಚ್‌ಆರ್‌ಗೆ ಇದನ್ನು ಹೀಗೇ ಕೇಳಿ. ಕಂಪನಿಯವರು ಇದನ್ನು ಷರತ್ತಿನ ಆಫರ್ ಅಂತಲೋ ಲೆಟರ್ ಆಫ್ ಇಂಟೆಂಟ್ ಅಂತಲೋ ಕರೆಯುತ್ತಾರೆ. ಅವರಿಗೆ ಇದು ಹೊಸದಲ್ಲ.

ಆ ಬರಹದಲ್ಲಿ ಕಂಪನಿಯ ನೋಂದಾಯಿತ ಪೂರ್ತಿ ಹೆಸರು, ನೀವು ಕೆಲಸ ಮಾಡುವ ಜಾಗದ ವಿಳಾಸ, ಶುರುವಾಗುವ ಮತ್ತು ಮುಗಿಯುವ ದಿನಾಂಕ, ಆಫೀಸಿಗೆ ಬಂದು ಮಾಡುವ ಕೆಲಸವೋ ಮನೆಯಿಂದಲೋ ಎಂಬುದು, ಮತ್ತು ಸ್ಟೈಪೆಂಡ್ ಇದ್ದರೆ ಎಷ್ಟು ಎಂಬುದು ಇರಲೇಬೇಕು. ವಾಟ್ಸ್ಯಾಪ್ ಸಂದೇಶದ ಸ್ಕ್ರೀನ್‌ಶಾಟ್ ಒಯ್ದರೆ ಎಚ್‌ಒಡಿ ಒಪ್ಪುವುದು ಅನುಮಾನ. ಜಿಮೇಲ್ ವಿಳಾಸದಿಂದ ಬಂದ ಆಫರ್‌ಗೂ ಅದೇ ಗತಿ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ನೀವು ಆಡುಮಾತಿನಲ್ಲಿ ಹೇಳುವ ಕಂಪನಿ ಹೆಸರು ಬ್ರ್ಯಾಂಡ್ ಹೆಸರಾಗಿರಬಹುದು. ಕಾನೂನಿನ ಲೆಕ್ಕದಲ್ಲಿ ಅದು ಬೇರೆಯೇ ಹೆಸರಿನ ಪ್ರೈವೇಟ್ ಲಿಮಿಟೆಡ್ ಆಗಿರಬಹುದು. ಎನ್‌ಒಸಿಯಲ್ಲಿ ಬ್ರ್ಯಾಂಡ್ ಹೆಸರಿದ್ದು ಆಫರ್ ಲೆಟರಿನಲ್ಲಿ ನೋಂದಾಯಿತ ಹೆಸರಿದ್ದರೆ ಎರಡೂ ಕಡೆ ಕಿರಿಕಿರಿ. ಲೆಟರ್‌ಹೆಡ್ಡಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಅದು ಕಂಪನಿಯ ನೋಂದಣಿ ಸಂಖ್ಯೆ. ಅದರ ಹತ್ತಿರವೇ ಅಸಲಿ ಹೆಸರೂ ಇರುತ್ತದೆ. ಅದನ್ನೇ ಅಕ್ಷರ ಬಿಡದೆ ಬರೆದುಕೊಳ್ಳಿ. ಸಿಐಎನ್ ಇಲ್ಲದೆ ಬರೀ ಹೊಳೆಯುವ ಲೋಗೋ ಇದ್ದರೆ ಅದು ಕಂಪನಿಯಾಗಿ ನೋಂದಾಯಿಸದ ಸಣ್ಣ ಸಂಸ್ಥೆ ಇರಬಹುದು, ಪಾಲುದಾರಿಕೆ ಸಂಸ್ಥೆಯೂ ಇರಬಹುದು. ಅದೇನೂ ತಪ್ಪಲ್ಲ. ಆದರೆ ಕಾಲೇಜು ಜಿಎಸ್‌ಟಿ ಸಂಖ್ಯೆಯನ್ನೋ ಬೇರೆ ದಾಖಲೆಯನ್ನೋ ಕೇಳಬಹುದು, ತಯಾರಾಗಿರಿ. ಇಂಟರ್ನ್‌ಶಿಪ್ ಕೊಡಲು ನಿಮ್ಮಿಂದಲೇ ದುಡ್ಡು ಕೇಳುವವರ ಪತ್ರವನ್ನು ಮಾತ್ರ ಆಫೀಸಿನ ತನಕ ಒಯ್ಯಬೇಡಿ. ಅದು ಸರ್ಟಿಫಿಕೇಟ್ ವ್ಯಾಪಾರ.

2. ದಿನಾಂಕ ಕೂತು ಲೆಕ್ಕ ಹಾಕಿ

ಎನ್‌ಒಸಿ ಕೆಡುವುದು ಬಹುಪಾಲು ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ವಿಟಿಯು 2022ರ ಸ್ಕೀಮಿನಲ್ಲಿ 8ನೇ ಸೆಮಿಸ್ಟರಿನ ಇಂಟರ್ನ್‌ಶಿಪ್ 14ರಿಂದ 20 ವಾರ. ಅದರ ಜೊತೆಗೆ ಆನ್‌ಲೈನ್ ಕೋರ್ಸುಗಳೂ ಇರುತ್ತವೆ. ಅವನ್ನು ಎನ್‌ಪಿಟಿಇಎಲ್‌ನಲ್ಲಿ ಮಾಡುವವರು ಅದರ ಪರೀಕ್ಷೆಯ ದಿನವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಕೆಲವು ಕಾಲೇಜುಗಳು 7 ಮತ್ತು 8ನೇ ಸೆಮಿಸ್ಟರನ್ನು ಅದಲುಬದಲು ಮಾಡಿ 6ನೇ ಸೆಮಿಸ್ಟರ್ ಮುಗಿದ ಕೂಡಲೇ ಇಂಟರ್ನ್‌ಶಿಪ್‌ಗೆ ಕಳಿಸುತ್ತವೆ. ನಿಮ್ಮ ಬ್ರಾಂಚಿಗೆ ಯಾವುದು ಅನ್ವಯ ಎಂದು ಇಂಟರ್ನ್‌ಶಿಪ್ ಕೋಆರ್ಡಿನೇಟರನ್ನು ಕೇಳಿ. ಪಕ್ಕದ ಬ್ರಾಂಚಿನ ಗೆಳೆಯ ಹೇಳಿದ್ದು ನಿಮಗೆ ಹೊಂದದೇ ಇರಬಹುದು.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಹಾಸನದ ಒಂದು ಕಾಲೇಜಿನ ಹುಡುಗಿಗೆ ಬೆಂಗಳೂರಿನ ಕಂಪನಿಯಿಂದ ಆಫರ್ ಬಂದಿದೆ ಅಂದುಕೊಳ್ಳಿ. ಮೇಲಿನಲ್ಲಿ ಬರೆದದ್ದು ಇಷ್ಟು: 2026ರ ಫೆಬ್ರವರಿ 2, ಸೋಮವಾರದಿಂದ ಆರು ತಿಂಗಳು. ಅಂದರೆ ಆಗಸ್ಟ್ 1ರವರೆಗೆ. ಅವಳ ಕಾಲೇಜಿನ ಕ್ಯಾಲೆಂಡರಿನಲ್ಲಿ 8ನೇ ಸೆಮಿಸ್ಟರ್ ಮೇ 30ಕ್ಕೆ ಮುಗಿಯುತ್ತದೆ, ಆಮೇಲೆ ವೈವಾ. ಸಾಲದ್ದಕ್ಕೆ 7ನೇ ಸೆಮಿಸ್ಟರಿನ ಒಂದು ಪರೀಕ್ಷೆ ಫೆಬ್ರವರಿ 4ಕ್ಕೆ ಬಿದ್ದಿದೆ.

ಅವಳು ಆಫರ್‌ನಲ್ಲಿರುವ ದಿನಾಂಕವನ್ನೇ ಎತ್ತಿ ಅರ್ಜಿಗೆ ಹಾಕಿದರೆ ಎರಡು ಕಡೆ ಸಿಕ್ಕಿಕೊಳ್ಳುತ್ತಾಳೆ. ಪರೀಕ್ಷೆಯ ದಿನ ಅವಳು ಕಂಪನಿಯಲ್ಲಿರಬೇಕಾಗುತ್ತದೆ. ಇನ್ನೊಂದು, ಆಗಸ್ಟ್ ಹೊತ್ತಿಗೆ ಅವಳು ಕಾಲೇಜಿನ ವಿದ್ಯಾರ್ಥಿನಿಯೇ ಆಗಿರುವುದಿಲ್ಲ. ತನ್ನ ಬಳಿ ಇಲ್ಲದ ವಿದ್ಯಾರ್ಥಿಗೆ ಪ್ರಿನ್ಸಿಪಾಲರು ಅಡ್ಡಿ ಇಲ್ಲ ಎಂದು ಬರೆದುಕೊಡಲು ಹೇಗೆ ಸಾಧ್ಯ? ಹಾಗಾಗಿ ಆರು ತಿಂಗಳ ಎನ್‌ಒಸಿ ಕೇಳಿದ ಕೊನೆ ಸೆಮಿಸ್ಟರಿನವರ ಅರ್ಜಿ ಸುಮ್ನೆ ಮೇಜಿನ ಮೇಲೆ ಕೂತಿರುತ್ತದೆ. ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅವಳು ಮಾಡಬೇಕಾದ್ದು, ಎಚ್‌ಆರ್‌ಗೆ ಮೊದಲೇ ಒಂದು ಮೇಲ್ ಹಾಕುವುದು. ಜಾಯಿನಿಂಗ್ ಫೆಬ್ರವರಿ 9, ಸೋಮವಾರಕ್ಕೆ ಬದಲಾಗಲಿ. ಅಲ್ಲಿಂದ ಮೇ 30ರವರೆಗೆ ಸರಿಯಾಗಿ 16 ವಾರ ಸಿಗುತ್ತದೆ, ವಿಶ್ವವಿದ್ಯಾಲಯ ಕೇಳುವ 14 ವಾರಕ್ಕಿಂತ ಜಾಸ್ತಿಯೇ. ಇದು ಕಾಲೇಜಿನ ಲೆಕ್ಕದ ಇಂಟರ್ನ್‌ಶಿಪ್. ಎನ್‌ಒಸಿ ಇಷ್ಟಕ್ಕೇ. ಜೂನ್‌ನಿಂದ ಆಗಸ್ಟ್‌ವರೆಗಿನದ್ದು ಅವಳಿಗೂ ಕಂಪನಿಗೂ ಬಿಟ್ಟದ್ದು. ಅದನ್ನು ಕಂಪನಿ ಬೇರೆ ಪತ್ರದಲ್ಲಿ ಮುಂದುವರಿಸಲಿ, ಇಲ್ಲವೇ ಅದೇ ಆಫರ್‌ನಲ್ಲಿ ಮೇ 30ರವರೆಗೆ ಶೈಕ್ಷಣಿಕ ಇಂಟರ್ನ್‌ಶಿಪ್, ಅನಂತರ ವಿಸ್ತರಣೆ ಎಂದು ಬಿಡಿಸಿ ಬರೆಯಲಿ. ಹೀಗೆ ಕೇಳಿದರೆ ಆಫರ್ ಕೈತಪ್ಪಿ ಹೋದೀತು ಎಂಬ ಹೆದರಿಕೆ ಬೇಡ. ಕ್ಯಾಂಪಸ್‌ನಿಂದ ಇಂಟರ್ನ್ ತೆಗೆದುಕೊಳ್ಳುವ ಎಚ್‌ಆರ್‌ಗಳಿಗೆ ಪರೀಕ್ಷೆ, ವೈವಾ ಎಲ್ಲ ಮಾಮೂಲು.

ತಿಂಗಳು ಮತ್ತು ವಾರ ಬೆರೆಸಬೇಡಿ. ಫೆಬ್ರವರಿ 2ರಿಂದ 16 ವಾರ ಅಂದರೆ ಕೊನೆಯ ಶುಕ್ರವಾರ ಮೇ 22. ಅಲ್ಲಿಂದಲೇ ನಾಲ್ಕು ತಿಂಗಳು ಅಂದರೆ ಜೂನ್ 1. ಒಂದು ಪತ್ರದಲ್ಲಿ ವಾರ, ಇನ್ನೊಂದರಲ್ಲಿ ತಿಂಗಳು ಬರೆದರೆ ಹತ್ತು ದಿನದ ವ್ಯತ್ಯಾಸ ಬರುತ್ತದೆ. ಪೋರ್ಟಲ್‌ನಲ್ಲಿ ತುಂಬುವಾಗ ಇದು ಎದ್ದು ಕಾಣುತ್ತದೆ. ಎಲ್ಲ ಕಡೆ ಎರಡು ದಿನಾಂಕ ಬರೆಯಿರಿ, ಅವಧಿ ವಾರದಲ್ಲಿರಲಿ.

ಕೊನೆ ಸೆಮಿಸ್ಟರ್ ಬಿಟ್ಟು ನಡುವಿನ ಸೆಮಿಸ್ಟರಿನಲ್ಲಿ ತರಗತಿ ನಡೆಯುವಾಗಲೇ ಹೋಗುವವರಿಗೆ ತೊಡಕು ಜಾಸ್ತಿ. ವಿಟಿಯುನಲ್ಲಿ ಪ್ರತಿ ವಿಷಯಕ್ಕೂ 85% ಹಾಜರಾತಿ ಬೇಕು. ಎನ್‌ಒಸಿ ಸಿಕ್ಕಿದ ಮಾತ್ರಕ್ಕೆ ಹಾಜರಾತಿ ತಾನಾಗಿ ಬೀಳುವುದಿಲ್ಲ. ಅಂಥವರು ರಜೆಯ ಅವಧಿಯ ಇಂಟರ್ನ್‌ಶಿಪ್ ನೋಡಿಕೊಳ್ಳುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

3. ಅರ್ಜಿ ಬರೆಯಿರಿ, ಪತ್ರದ ಕರಡೂ ನೀವೇ ಒಯ್ಯಿರಿ

ದಿನಾಂಕ ಗಟ್ಟಿಯಾದ ಮೇಲೆ ಅರ್ಜಿ. ಇದು ಪ್ರಿನ್ಸಿಪಾಲರಿಗೆ, ಎಚ್‌ಒಡಿ ಮೂಲಕ. "ಮೂಲಕ" ಎಂಬ ಸಾಲು ಬಿಟ್ಟರೆ ಅರ್ಜಿ ಮೇಲೆ ಹೋಗಿ ಮತ್ತೆ ಕೆಳಗೆ ಬರುತ್ತದೆ. ಕನ್ನಡದಲ್ಲಿ ಬರೆಯುವುದಾದರೆ ಒಕ್ಕಣೆ ಹೀಗಿದ್ದರೆ ಸಾಕು:

"ಮಾನ್ಯರೇ, ನಾನು ಕಂಪ್ಯೂಟರ್ ಸೈನ್ಸ್ ವಿಭಾಗದ 8ನೇ ಸೆಮಿಸ್ಟರ್ ವಿದ್ಯಾರ್ಥಿನಿ. ನನ್ನ ಯುಎಸ್‌ಎನ್ ಇಂಥದ್ದು. ಇಂಥ ಪ್ರೈವೇಟ್ ಲಿಮಿಟೆಡ್ ಕಂಪನಿಯ ಬೆಂಗಳೂರಿನ ಕಚೇರಿಯಲ್ಲಿ 09.02.2026ರಿಂದ 30.05.2026ರವರೆಗೆ, 16 ವಾರಗಳ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿದ್ದೇನೆ. ಈ ಅವಧಿಯಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆ, ಕಾಲೇಜಿನ ಪರಿಶೀಲನೆ ಮತ್ತು ವೈವಾಕ್ಕೆ ತಪ್ಪದೆ ಹಾಜರಾಗುತ್ತೇನೆ. ಕಂಪನಿಯವರು ಎನ್‌ಒಸಿ ಕೇಳಿರುವುದರಿಂದ ಅದನ್ನು ಅಲ್ಲಿನ ಮಾನವ ಸಂಪನ್ಮೂಲ ವ್ಯವಸ್ಥಾಪಕರ ಹೆಸರಿಗೆ ನೀಡಬೇಕೆಂದು ಕೋರುತ್ತೇನೆ. ಆಯ್ಕೆಯ ಮೇಲ್ ಪ್ರತಿ, ಪೋಷಕರ ಒಪ್ಪಿಗೆ ಪತ್ರ ಲಗತ್ತಿಸಿದ್ದೇನೆ."

ಯುಎಸ್‌ಎನ್ ಅಂದರೆ ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ನೋಂದಣಿ ಸಂಖ್ಯೆ, ಅದು ಎಲ್ಲ ಕಾಗದದಲ್ಲೂ ಇರಲಿ. ಕೊನೆಯಲ್ಲಿ ಸಹಿ, ಮೊಬೈಲ್ ನಂಬರ್. ಮೊಬೈಲ್ ನಂಬರ್ ಬರೆಯಲು ಮರೆಯಬೇಡಿ. ಏನೋ ಒಂದು ಕಾಗದ ಕಡಿಮೆ ಇದ್ದರೆ ಗುಮಾಸ್ತರು ಫೋನ್ ಮಾಡುತ್ತಾರೆ. ನಂಬರ್ ಇಲ್ಲದಿದ್ದರೆ ಅರ್ಜಿ ಫೈಲಿನೊಳಗೆ ಮಲಗುತ್ತದೆ.

ಎನ್‌ಒಸಿಗೆ ನಿಮ್ಮ ಕಾಲೇಜಿನದೇ ಫಾರ್ಮ್ಯಾಟ್ ಇದೆಯಾ ಎಂದು ಕೇಳಿ. ಕಂಪನಿಯೂ ತನ್ನದೊಂದು ಫಾರ್ಮ್ಯಾಟ್ ಕಳಿಸಬಹುದು. ಎರಡೂ ಇದ್ದಾಗ ಕಾಲೇಜಿನದ್ದನ್ನೇ ಇಟ್ಟುಕೊಂಡು ಕಂಪನಿ ಕೇಳುವ ಸಾಲುಗಳನ್ನು ಅದಕ್ಕೆ ಸೇರಿಸಿಕೊಡಿ ಎಂದು ಕೇಳುವುದು ಸುಲಭ. ಕಂಪನಿಯ ಫಾರ್ಮ್ಯಾಟಿನಲ್ಲಿ ಪ್ರಿನ್ಸಿಪಾಲರು ಸಹಿ ಹಾಕಲಾಗದ ಸಾಲು ಇದ್ದೀತು. "ವಿದ್ಯಾರ್ಥಿಯಿಂದ ಆಗುವ ಯಾವುದೇ ನಷ್ಟಕ್ಕೆ ಕಾಲೇಜೇ ಹೊಣೆ" ಎನ್ನುವುದು ಅಂಥದ್ದು. "ಈ ಅವಧಿಯಲ್ಲಿ ಯಾವ ಕಾರಣಕ್ಕೂ ರಜೆ ಕೇಳುವಂತಿಲ್ಲ" ಎನ್ನುವುದೂ ಅಂಥದ್ದೇ. ಆ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಮೊದಲೇ ಎಚ್‌ಆರ್‌ಗೆ ಹೇಳಿ ತೆಗೆಸಿ. ಪ್ರಿನ್ಸಿಪಾಲರ ಮೇಜಿನ ಮೇಲೆ ಹೋದ ಮೇಲೆ ತಿದ್ದಿಸುವುದು ಕಷ್ಟ.

ಕಂಪನಿಗೆ ಹೋಗುವ ಎನ್‌ಒಸಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರ ಕರಡು ಟೈಪ್ ಮಾಡಿ ಪೆನ್‌ಡ್ರೈವಿನಲ್ಲೋ ಮೇಲಿನಲ್ಲೋ ಕೊಟ್ಟರೆ ಆಫೀಸಿನವರಿಗೂ ಹಗುರ, ಕಾಗುಣಿತದ ತಪ್ಪೂ ಕಡಿಮೆ. ಒಳಗೆ ಇರಬೇಕಾದ್ದು ಇಷ್ಟು: ನಿಮ್ಮ ಹೆಸರು, ಯುಎಸ್‌ಎನ್, ಕೋರ್ಸು, ಸೆಮಿಸ್ಟರ್. ಕಂಪನಿಯ ಹೆಸರು, ಜಾಗ, ಎರಡು ದಿನಾಂಕ. ಇದು ಕೋರ್ಸಿನ ಭಾಗ ಎಂಬ ಮಾತು. ಪರೀಕ್ಷೆ ಮತ್ತು ವೈವಾಕ್ಕೆ ಬಿಡುವು ಕೊಡಬೇಕೆಂಬ ಕೋರಿಕೆ. ಕಾಲೇಜಿನ ಕಡೆಯ ಗೈಡ್ ಯಾರು, ಅವರನ್ನು ಸಂಪರ್ಕಿಸುವುದು ಹೇಗೆ ಎಂಬುದು. ಒಂದು ಪುಟ ಮೀರದಿರಲಿ. "ಸಂಬಂಧಪಟ್ಟವರಿಗೆ" ಎಂದು ಬರೆದ ಪತ್ರವನ್ನು ಕೆಲವು ಕಂಪನಿಗಳು ಒಪ್ಪುವುದಿಲ್ಲ. ಹಾಗಾಗಿ ಕಂಪನಿಯ ಹೆಸರು, ವಿಳಾಸಕ್ಕೇ ಬರೆಸಿ.

ಹೆಸರಿನ ಮಾತು ಬಂತಲ್ವಾ, ನಮ್ಮ ಇನಿಷಿಯಲ್ ತಾಪತ್ರಯವನ್ನೂ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಅದೇ ಇನಿಷಿಯಲ್ ಊರಿನ ಹೆಸರೂ ಅಪ್ಪನ ಹೆಸರೂ ಆಗಿ ಬಿಡಿಸಿಕೊಂಡಿರುತ್ತದೆ. ಕಾಲೇಜು ಬರೆಯುವುದು ವಿಶ್ವವಿದ್ಯಾಲಯದ ದಾಖಲೆಯಲ್ಲಿರುವ ಹಾಗೆ, ಕಂಪನಿ ನೋಡುವುದು ಪ್ಯಾನ್. ಎನ್‌ಒಸಿಯಲ್ಲಿ ಹೆಸರು ಬದಲಿಸಲು ಕಾಲೇಜಿನ ಜೊತೆ ಜಗಳಕ್ಕೆ ಇಳಿಯಬೇಡಿ. ಎರಡೂ ಹೆಸರು ಒಬ್ಬರದೇ ಎಂದು ಎಚ್‌ಆರ್‌ಗೆ ಮೇಲಿನಲ್ಲಿ ತಿಳಿಸಿ, ಎರಡೂ ದಾಖಲೆಯ ಪ್ರತಿ ಕೊಡಿ. ಅವರು ಅಫಿಡವಿಟ್ ಬೇಕು ಎಂದರೆ ಮಾತ್ರ ನೋಟರಿ ಹತ್ತಿರ ಹೋಗಿ.

4. ಸಹಿಗಳ ದಾರಿ

ಅರ್ಜಿ ಹೋಗುವ ದಾರಿ ಸಾಮಾನ್ಯವಾಗಿ ಹೀಗೆ: ಪ್ರಾಕ್ಟರ್ ಅಥವಾ ಮೆಂಟರ್, ಇಂಟರ್ನ್‌ಶಿಪ್ ಕೋಆರ್ಡಿನೇಟರ್, ಎಚ್‌ಒಡಿ, ಪ್ಲೇಸ್‌ಮೆಂಟ್ ಆಫೀಸರ್, ಅಕೌಂಟ್ಸ್, ಆಮೇಲೆ ಪ್ರಿನ್ಸಿಪಾಲರು. ಹೊರಡುವ ದಿನಕ್ಕಿಂತ ಎರಡು ಮೂರು ವಾರ ಮೊದಲೇ ಶುರು ಮಾಡಿ. ಸಹಿಗೆ ಹಿಡಿಯುವುದು ಒಂದು ನಿಮಿಷ, ಸಹಿ ಹಾಕುವವರು ಸಿಗುವುದಕ್ಕೆ ದಿನಗಟ್ಟಲೆ. ವಿಶ್ವವಿದ್ಯಾಲಯದ ತಂಡ ಪರಿಶೀಲನೆಗೆ ಬರುವ ವಾರ, ಪರೀಕ್ಷೆ ನಡೆಯುವ ವಾರ ಯಾರೂ ಕೈಗೆ ಸಿಗುವುದಿಲ್ಲ.

ಹೆಚ್ಚಾಗಿ ತಡೆ ಬೀಳುವುದು ಅಕೌಂಟ್ಸ್‌ನಲ್ಲಿ. ಫೀಸು ಬಾಕಿ ಇದ್ದರೆ ಎನ್‌ಒಸಿ ಕೊಡುವುದಿಲ್ಲ ಅಂತಾರೆ. ನಿಮ್ಮ ಬಾಕಿ ಇರುವುದು ಸ್ಕಾಲರ್‌ಶಿಪ್ ಇನ್ನೂ ಬಾರದ ಕಾರಣಕ್ಕಾದರೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಸ್ವೀಕೃತಿಯನ್ನೂ ಈಗಿನ ಸ್ಥಿತಿ ತೋರಿಸುವ ಪುಟವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ. ಸ್ಕಾಲರ್‌ಶಿಪ್ ಬಾರದಿದ್ದರೆ ನಾನೇ ಕಟ್ಟುತ್ತೇನೆ ಎಂಬ ಮುಚ್ಚಳಿಕೆ ಜೊತೆಗಿದ್ದರೆ ಬಿಡುವ ಕಾಲೇಜುಗಳಿವೆ. ಬಾಯಿಮಾತಿಗೆ ಯಾರೂ ಬಿಡುವುದಿಲ್ಲ.

ಪೋಷಕರ ಒಪ್ಪಿಗೆ ಪತ್ರಕ್ಕೆ ಅವರೇ ಸಹಿ ಹಾಕಲಿ. ಕನ್ನಡದಲ್ಲಿ ಹಾಕಿದರೆ ನಡೆಯುತ್ತದೆ. ಅಪ್ಪ ಊರಲ್ಲಿದ್ದಾರೆ ಎಂದು ಹಾಸ್ಟೆಲ್ ರೂಮಿನಲ್ಲಿ ಕೂತು ನೀವೇ ಗೀಚಬೇಡಿ. ಎಚ್‌ಒಡಿ ಆ ಪತ್ರದಲ್ಲಿರುವ ನಂಬರಿಗೆ ಅಲ್ಲೇ ಫೋನ್ ಮಾಡಿ "ನಿಮ್ಮ ಮಗಳನ್ನು ಬೆಂಗಳೂರಿಗೆ ಕಳಿಸುತ್ತಿದ್ದೀರಂತೆ, ಹೌದಾ?" ಎಂದು ಕೇಳುವುದುಂಟು. ಪತ್ರವನ್ನು ಊರಿಗೆ ಅಂಚೆಯಲ್ಲೋ ಯಾರ ಕೈಯಲ್ಲೋ ಕಳಿಸಿ ತರಿಸಿಕೊಳ್ಳಿ. ಸ್ಕ್ಯಾನ್ ಪ್ರತಿ ನಡೆಯುತ್ತದಾ ಎಂದು ಕೇಳಿದರೆ ಹೌದು ಎನ್ನುವ ವಿಭಾಗಗಳೂ ಇವೆ.

ಮುಚ್ಚಳಿಕೆ ಛಾಪಾ ಕಾಗದದ ಮೇಲೆ ಬೇಕು ಎಂದರೆ ಎಷ್ಟು ರೂಪಾಯಿಯದ್ದು ಎಂದು ಮೊದಲೇ ಕೇಳಿಕೊಳ್ಳಿ. ಈಗ ಸಿಗುವುದು ಇ-ಸ್ಟಾಂಪ್. ಕೌಂಟರಿನಲ್ಲಿ ಫಸ್ಟ್ ಪಾರ್ಟಿ, ಸೆಕೆಂಡ್ ಪಾರ್ಟಿ ಯಾರು ಎಂದು ಕೇಳುತ್ತಾರೆ. ಫಸ್ಟ್ ಪಾರ್ಟಿ ನೀವು, ಸೆಕೆಂಡ್ ಪಾರ್ಟಿ ಪ್ರಿನ್ಸಿಪಾಲರು ಮತ್ತು ಕಾಲೇಜಿನ ಹೆಸರು. ಹೆಸರು ಅಚ್ಚಾದ ಮೇಲೆ ತಿದ್ದಲು ಬರುವುದಿಲ್ಲ, ಹೊಸದು ಕೊಳ್ಳಬೇಕಾಗುತ್ತದೆ. ಆದ್ದರಿಂದ ಪ್ರಿಂಟ್ ಕೊಡುವ ಮುಂಚೆ ಸ್ಕ್ರೀನ್ ತೋರಿಸಿ ಎಂದು ಹೇಳಿ, ಅಕ್ಷರ ಓದಿ.

ಅರ್ಜಿಯನ್ನು ಆಫೀಸಿನ ಟಪಾಲು ಕೌಂಟರಿನಲ್ಲಿ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲು ಹಾಕಿಸಿಕೊಳ್ಳಿ. ಒಳಗೆ ಬಂದ ಕಾಗದಕ್ಕೆ ಕೊಡುವ ಕ್ರಮಸಂಖ್ಯೆ ಅದು. ವಾರ ಕಳೆದು "ನಿಮ್ಮ ಅರ್ಜಿ ಬಂದೇ ಇಲ್ಲವಲ್ಲ" ಎಂಬ ಮಾತು ಬಂದರೆ ಆ ಸಂಖ್ಯೆ ಹೇಳಿ. ರಿಜಿಸ್ಟರ್ ತೆಗೆದು ಹುಡುಕುತ್ತಾರೆ.

5. ಪತ್ರ ಕೈಗೆ ಬಂದ ತಕ್ಷಣ, ಕೌಂಟರ್ ಬಿಡುವ ಮುಂಚೆ

ಅಲ್ಲೇ ನಿಂತು ಓದಿ. ಲೆಟರ್‌ಹೆಡ್ ಇದೆಯಾ, ಮೇಲೆ ಔಟ್‌ವರ್ಡ್ ಸಂಖ್ಯೆ ಮತ್ತು ದಿನಾಂಕ ಇದೆಯಾ, ಸಹಿಯ ಪಕ್ಕ ದುಂಡು ಸೀಲು ಇದೆಯಾ ನೋಡಿ. ಔಟ್‌ವರ್ಡ್ ಸಂಖ್ಯೆ ಇಲ್ಲದ ಪತ್ರ ಕಾಲೇಜಿನ ದಾಖಲೆಯಲ್ಲಿ ಇಲ್ಲದ ಪತ್ರ. ಕಂಪನಿ ಪರಿಶೀಲನೆಗೆ ಮೇಲ್ ಹಾಕಿದಾಗ ಆಫೀಸಿನವರು "ಗೊತ್ತಿಲ್ಲ" ಎಂದುಬಿಡುತ್ತಾರೆ. ಪತ್ರದ ದಿನಾಂಕ ಜಾಯಿನಿಂಗ್‌ಗಿಂತ ಮೊದಲಿನದ್ದಿರಬೇಕು. ತಡವಾಯಿತೆಂದು ಹಿಂದಿನ ತಾರೀಕು ಹಾಕಿಕೊಡಿ ಎಂದು ಕೇಳಬೇಡಿ. ಔಟ್‌ವರ್ಡ್ ರಿಜಿಸ್ಟರಿನಲ್ಲಿ ಸಾಲುಸಾಲಾಗಿ ಸಂಖ್ಯೆ ಇರುತ್ತದೆ, ನಡುವೆ ತುರುಕಲು ಬರುವುದಿಲ್ಲ. ಅದಕ್ಕಿಂತ ಜಾಯಿನಿಂಗ್ ದಿನವನ್ನೇ ಮುಂದೂಡಿಸುವುದು ವಾಸಿ.

ಪ್ರಿನ್ಸಿಪಾಲರು ರಜೆಯಲ್ಲಿದ್ದು ಇನ್‌ಚಾರ್ಜ್ ಸಹಿ ಹಾಕಿದ್ದರೆ ಸಹಿಯ ಕೆಳಗೆ ಅವರ ಹೆಸರು, ಹುದ್ದೆ ಸ್ಪಷ್ಟವಾಗಿರಲಿ. ಹಸಿರು ಗೀಚು ಮಾತ್ರ ಇದ್ದರೆ ಎಚ್‌ಆರ್ ಅನುಮಾನಿಸುತ್ತಾರೆ.

ಮೂಲ ಪತ್ರದ ಬಣ್ಣದ ಸ್ಕ್ಯಾನ್ ಮಾಡಿಸಿ ಪಿಡಿಎಫ್ ಇಟ್ಟುಕೊಳ್ಳಿ. ಫೋನಿನಲ್ಲಿ ಹೊಡೆದ ಫೋಟೋದಲ್ಲಿ ಸೀಲು ಮಸುಕಾಗುತ್ತದೆ. ಕಂಪನಿ ಮೂಲಪ್ರತಿ ಕೇಳುವುದಾದರೆ ಎರಡು ಮೂಲಪ್ರತಿ ಮಾಡಿಸಿಕೊಳ್ಳುವುದು ಒಳ್ಳೆಯದು. ಒಂದು ನಿಮ್ಮ ಇಂಟರ್ನ್‌ಶಿಪ್ ರಿಪೋರ್ಟಿನ ಕೊನೆಗೆ ಬೇಕಾಗುತ್ತದೆ.

ನಮ್ಮ ಹಾಸನದ ಹುಡುಗಿ ಇಲ್ಲೊಂದು ಕಡೆ ಎಡವಬಹುದು. ಅವಳು ಜಾಯಿನಿಂಗನ್ನು ಫೆಬ್ರವರಿ 9ಕ್ಕೆ ಬದಲಿಸಿಕೊಂಡಳು ಸರಿ. ಆದರೆ ಆಫೀಸಿನಲ್ಲಿ ಹಳೆಯ ಕರಡು ಉಳಿದಿದ್ದರೆ ಪತ್ರದಲ್ಲಿ ಫೆಬ್ರವರಿ 2 ಎಂದೇ ಬಂದಿರುತ್ತದೆ. ಅದನ್ನು ವೈಟ್‌ನರ್ ಹಾಕಿ ತಿದ್ದಿದ ಪತ್ರ ತಗೊಂಡು ಹೋಗಬಾರದು. ತಿದ್ದಿದ ಎನ್‌ಒಸಿಯನ್ನು ಯಾವ ಕಂಪನಿಯೂ ಫೈಲಿಗೆ ಹಾಕುವುದಿಲ್ಲ. ಹೊಸದಾಗಿ ಟೈಪ್ ಮಾಡಿಸಿ ಹೊಸ ಔಟ್‌ವರ್ಡ್ ಸಂಖ್ಯೆ ಹಾಕಿಸಬೇಕು.

6. ಕಂಪನಿಯ ಫಾರಂಗಳು

ಎನ್‌ಒಸಿ ಕಳಿಸಿದ ಮೇಲೆ ಕಂಪನಿಯಿಂದ ಒಂದು ಕಟ್ಟು ಫಾರಂ ಬರುತ್ತದೆ. ವಿವರದ ಫಾರಂ, ಬ್ಯಾಂಕ್ ಖಾತೆ, ಗುರುತಿನ ದಾಖಲೆ ಇವು ಸುಲಭ. ಕಾರ್ಖಾನೆಯಲ್ಲಿ ಕೆಲಸವಾದರೆ ವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್, ಅಪಘಾತ ವಿಮೆಯನ್ನೂ ಕೇಳುವುದುಂಟು. ಮಾರ್ಕ್ಸ್ ಕಾರ್ಡಿನ ಮೂಲಪ್ರತಿ ಯಾರ ಹತ್ತಿರವೂ ಬಿಡಬೇಡಿ, ತೋರಿಸಿ ವಾಪಸ್ ತೆಗೆದುಕೊಳ್ಳಿ. ಆಧಾರ್ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಸಾಕಾ ಎಂದು ಕೇಳಿ. ಅದು ಯುಐಡಿಎಐ ಸೈಟಿನಲ್ಲೇ ಸಿಗುತ್ತದೆ.

ಸ್ಟೈಪೆಂಡ್ ಇದ್ದರೆ ಪ್ಯಾನ್ ಬೇಕು. ಇಲ್ಲದವರು ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ incometax.gov.in ನಲ್ಲಿ ಇನ್‌ಸ್ಟಂಟ್ ಇ-ಪ್ಯಾನ್ ಪುಕ್ಕಟೆಯಾಗಿ ತೆಗೆಯಬಹುದು. ಮಧ್ಯವರ್ತಿಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ನಿಜವಾಗಿ ಕೂತು ಓದಬೇಕಾದ ಕಾಗದ ಎನ್‌ಡಿಎ. ಕಂಪನಿಯ ಒಳಗಿನ ವಿಷಯ ಹೊರಗೆ ಹೇಳುವುದಿಲ್ಲ ಎಂಬ ಗೌಪ್ಯತೆಯ ಒಪ್ಪಂದ ಅದು. ವಿದ್ಯಾರ್ಥಿಗಳು ಓದದೆ ಸಹಿ ಹಾಕುತ್ತಾರೆ, ಪೇಚಿಗೆ ಸಿಗುವುದು ಮೇ ತಿಂಗಳಲ್ಲಿ. ಯಾಕೆಂದರೆ ಕಾಲೇಜಿಗೆ ರಿಪೋರ್ಟ್ ಕೊಡಬೇಕು, ವೈವಾದಲ್ಲಿ ಹೊರಗಿನ ಪರೀಕ್ಷಕರ ಮುಂದೆ ಏನು ಮಾಡಿದೆ ಎಂದು ಹೇಳಬೇಕು. ಒಪ್ಪಂದದಲ್ಲಿ "ಯಾವ ಮಾಹಿತಿಯನ್ನೂ ಯಾರಿಗೂ" ಎಂದಿದ್ದರೆ ರಿಪೋರ್ಟ್ ಬರೆಯುವುದೇ ಒಪ್ಪಂದ ಮುರಿದ ಹಾಗೆ.

ಸಹಿಗೆ ಮುಂಚೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ: "ಕೋರ್ಸಿನ ಭಾಗವಾಗಿ ಕಾಲೇಜಿಗೆ ರಿಪೋರ್ಟ್ ಮತ್ತು ವೈವಾ ಕೊಡಬೇಕಾಗಿದೆ. ನಿಮ್ಮ ತಂಡ ಓದಿ ಒಪ್ಪಿದ ರಿಪೋರ್ಟನ್ನು ಸಲ್ಲಿಸಲು ಅನುಮತಿ ಇದೆ ಎಂದು ತಿಳಿಸಿ." ಒಪ್ಪಂದದಲ್ಲೇ ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ಸೇರಿಸದಿದ್ದರೂ "ಆಗಲಿ" ಎಂಬ ಉತ್ತರದ ಮೇಲ್ ನಿಮ್ಮ ಕೈಯಲ್ಲಿರಲಿ. ರಿಪೋರ್ಟಿನಲ್ಲಿ ಗ್ರಾಹಕರ ಹೆಸರು, ಪಾಸ್‌ವರ್ಡ್, ನಿಜವಾದ ಕೋಡ್ ಹಾಕದೆ ನೀವು ಮಾಡಿದ ಕೆಲಸದ ರೀತಿ, ಬಳಸಿದ ಸಾಧನ, ಕಲಿತದ್ದು ಬರೆದರೆ ಎರಡೂ ಕಡೆಯವರಿಗೆ ತೃಪ್ತಿ.

ಅದೇ ಕಟ್ಟಿನಲ್ಲಿ ಬಾಂಡ್ ಇದೆಯಾ ಎಂದೂ ನೋಡಿ. ನಡುವೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು, ಮುಗಿದ ಮೇಲೆ ಇಷ್ಟು ವರ್ಷ ಕೆಲಸ ಮಾಡಲೇಬೇಕು ಎನ್ನುವ ಸಾಲುಗಳು ಎನ್‌ಡಿಎ ಮಧ್ಯೆ ಅಡಗಿರುವುದುಂಟು. ಅಂಥದ್ದು ಕಂಡರೆ ಸಹಿ ಹಾಕುವ ಮುಂಚೆ ಪ್ಲೇಸ್‌ಮೆಂಟ್ ಆಫೀಸರಿಗೆ ತೋರಿಸಿ. ಅವರು ಕಂಪನಿಯ ಜೊತೆ ಮಾತಾಡಿದರೆ ನೀವು ಮಾತಾಡುವುದಕ್ಕಿಂತ ತೂಕ ಜಾಸ್ತಿ.

7. ಪೋರ್ಟಲ್, ಡೈರಿ, ಜಾಯಿನಿಂಗ್ ರಿಪೋರ್ಟ್

ಕೊನೆಗೆ ಕಾಲೇಜಿನ ಕಡೆಯ ಫಾರಂಗಳು. ವಿಶ್ವವಿದ್ಯಾಲಯದ್ದೋ ಕಾಲೇಜಿನದ್ದೋ ಇಂಟರ್ನ್‌ಶಿಪ್ ಪೋರ್ಟಲ್ ಇದ್ದರೆ ಕಂಪನಿಯ ಹೆಸರು, ದಿನಾಂಕ, ಕಂಪನಿಯ ಗೈಡ್ ಹೆಸರು ಮತ್ತು ಮೇಲ್ ತುಂಬಬೇಕು. ಎನ್‌ಒಸಿ ಪಕ್ಕದಲ್ಲಿಟ್ಟುಕೊಂಡು ತುಂಬಿ, ನೆನಪಿನಿಂದ ಬೇಡ. ಕಂಪನಿಯ ಗೈಡ್ ಮೇಲ್ ತಪ್ಪಾದರೆ ಅವರಿಗೆ ಹೋಗಬೇಕಾದ ಮೌಲ್ಯಮಾಪನದ ಕೊಂಡಿ ಬೇರೆಲ್ಲೋ ಹೋಗುತ್ತದೆ, ನಿಮ್ಮ ಅಂಕ ಅಲ್ಲೇ ನಿಲ್ಲುತ್ತದೆ.

ಹೊರಡುವ ಮುಂಚೆ ವಿಭಾಗದಿಂದ ಡೈರಿ, ಹಾಜರಾತಿ ಪಟ್ಟಿ, ಕಂಪನಿಯ ಗೈಡ್ ತುಂಬುವ ಮೌಲ್ಯಮಾಪನ ಫಾರಂ ತೆಗೆದುಕೊಂಡು ಹೋಗಿ. ಆಮೇಲೆ ಕೊರಿಯರ್ ಮಾಡಿಸಿಕೊಳ್ಳುವ ರಗಳೆ ಬೇಡ. ಹಾಸ್ಟೆಲಿನವರು ಮೆಸ್ ಬಿಲ್ ಕಡಿತಕ್ಕೆ ಬೇರೆ ಅರ್ಜಿ ಕೊಡಬೇಕು, ಎನ್‌ಒಸಿ ತೋರಿಸಿದ ಮಾತ್ರಕ್ಕೆ ವಾರ್ಡನ್ ಲೆಕ್ಕ ನಿಲ್ಲಿಸುವುದಿಲ್ಲ.

ಕಂಪನಿಗೆ ಸೇರಿದ ದಿನವೇ ಜಾಯಿನಿಂಗ್ ರಿಪೋರ್ಟ್ ಬರೆಯಿರಿ. ಇಂಥ ದಿನ, ಇಂಥ ಕಚೇರಿಯಲ್ಲಿ, ಇಂಥವರ ಕೆಳಗೆ ಸೇರಿದ್ದೇನೆ ಎಂಬ ಅರ್ಧ ಪುಟದ ಕಾಗದ. ಅದಕ್ಕೆ ಕಂಪನಿಯ ಗೈಡ್ ಸಹಿ, ಕಂಪನಿ ಸೀಲು ಹಾಕಿಸಿ ಆ ವಾರದೊಳಗೆ ಕಾಲೇಜಿನ ಗೈಡ್‌ಗೆ ಮೇಲ್ ಮಾಡಿ, ಎಚ್‌ಒಡಿಗೂ ಪ್ರತಿ ಹಾಕಿ. ಕಂಪನಿಯವರು ಸೇರುವ ದಿನವನ್ನು ಕೊನೆ ಗಳಿಗೆಯಲ್ಲಿ ಬದಲಿಸಿದ್ದರೆ ಅವರ ಆ ಮೇಲನ್ನೂ ಅದರ ಜೊತೆಗೇ ಲಗತ್ತಿಸಿ. ಎನ್‌ಒಸಿಯಲ್ಲಿ ಫೆಬ್ರವರಿ 9, ಹಾಜರಾತಿಯಲ್ಲಿ ಫೆಬ್ರವರಿ 11 ಯಾಕೆ ಎಂದು ವೈವಾದಲ್ಲಿ ಕೇಳಿದರೆ ತೋರಿಸಲು ಅದೇ ಮೇಲ್ ಬೇಕಾಗುತ್ತದೆ.